ಒಂಬತ್ತು ದಿನ ಹಿಂದೆ ಬದುಕುತ್ತಿದ್ದ ಪೆಟ್ಟಿಗೆ

ಶೀತಲಗೃಹವೊಂದರ ಉಷ್ಣಾಂಶ ದಾಖಲಿಸುವ ಸಣ್ಣ ಪೆಟ್ಟಿಗೆಯ ಬಗ್ಗೆ ನನಗೆ ಬಂದ ದೂರು ವಿಚಿತ್ರವಾಗಿತ್ತು. ಅದು ಹತ್ತು ನಿಮಿಷಕ್ಕೊಮ್ಮೆ ಸರ್ವರ್‌ಗೆ ಅಂಕಿ ಕಳಿಸಬೇಕು. ಕಳಿಸುತ್ತಲೂ ಇತ್ತು. ಆದರೆ ಎರಡು ತಿಂಗಳಿಗೊಮ್ಮೆ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸುಮ್ಮನಾಗಿ, ಆಮೇಲೆ ಯಾರೂ ಮುಟ್ಟದೆ ತಾನೇ ಸರಿಹೋಗುತ್ತಿತ್ತು. ಕೇಬಲ್ ಬದಲಾಯಿಸಿದ್ದರು, ರೂಟರ್ ಬದಲಾಯಿಸಿದ್ದರು. ಎರಡನೇ ಸಲ ರೂಟರ್ ಬದಲಾಯಿಸಿದ ಮರುದಿನವೇ ಪೆಟ್ಟಿಗೆ ಮಾತಾಡತೊಡಗಿದ್ದರಿಂದ ಹಳೆಯ ರೂಟರ್‌ದೇ ತಪ್ಪು ಎಂದು ಎಲ್ಲರೂ ನಂಬಿದ್ದರು. ತಾನಾಗಿ ವಾಸಿಯಾಗುವ ಕಾಯಿಲೆಗೆ ಕೊನೆಗೆ ಕೊಟ್ಟ ಮದ್ದಿಗೇ ಹೆಸರು ಬರುವುದು ಹೀಗೆ.

ನಾನು ಅಲ್ಲಿಗೆ ಹೋದದ್ದು 2025ರ ಮಾರ್ಚ್ 7ರಂದು, ಅದು ಮೂರನೇ ಸಲ ಮೌನವಾಗಿದ್ದಾಗ. ಪೆಟ್ಟಿಗೆಯೊಳಗೆ ಅಂಗೈ ಅಗಲದ ಲಿನಕ್ಸ್ ಕಂಪ್ಯೂಟರ್ ಇತ್ತು. ಕೀಬೋರ್ಡ್ ಸಿಕ್ಕಿಸಿ, ಅದು ಮಾಡುವ ಕೆಲಸವನ್ನೇ ಕೈಯಿಂದ ಮಾಡಿಸಿದೆ. ಉತ್ತರ ಒಂದೇ ಸಾಲು:

```
curl: (60) SSL certificate problem: certificate is not yet valid
```

ಅವಧಿ ಮುಗಿದಿದೆ ಎಂದಲ್ಲ, ಅವಧಿ ಇನ್ನೂ ಶುರುವಾಗಿಲ್ಲ ಎಂದು. ಈ ಎರಡರ ವ್ಯತ್ಯಾಸ ಗಮನಿಸಿದರೆ ಅರ್ಧ ರೋಗನಿರ್ಣಯ ಮುಗಿದಂತೆ. ಅವಧಿ ಮುಗಿದ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ ಸರ್ವರ್ ನೋಡಿಕೊಳ್ಳುವವರ ಮರೆವು ಕಾರಣ. ಇನ್ನೂ ಶುರುವಾಗದ ಸರ್ಟಿಫಿಕೇಟನ್ನು ಸರ್ವರ್‌ಗೆ ಹಾಕುವವರು ಅಪರೂಪ. ಆ ಮಾತು ಕೇಳಿಬಂದರೆ ಮೊದಲು ಸಂಶಯಪಡಬೇಕಾದ್ದು ಕೇಳುತ್ತಿರುವವನ ಗಡಿಯಾರವನ್ನು.

ಎಚ್‌ಟಿಟಿಪಿಎಸ್ ಸಂಪರ್ಕ ಶುರುವಾಗುವಾಗ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಅದರಲ್ಲಿ ಸೈಟಿನ ಹೆಸರು, ಸಾರ್ವಜನಿಕ ಕೀಲಿ, ಕೊಟ್ಟ ಸಂಸ್ಥೆಯ ಸಹಿ ಇವುಗಳ ಜೊತೆಗೆ ಎರಡು ದಿನಾಂಕಗಳೂ ಇರುತ್ತವೆ: `notBefore`, ಅಂದರೆ ಇದಕ್ಕಿಂತ ಮುಂಚೆ ಸಲ್ಲದು, `notAfter`, ಅಂದರೆ ಇದರ ನಂತರ ಸಲ್ಲದು. ಎರಡೂ ಸೆಕೆಂಡಿನವರೆಗೆ ನಿಖರ, ಎರಡೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಬ್ರೌಸರ್ ಆಗಲಿ, ಇಂಥ ಪೆಟ್ಟಿಗೆಯಾಗಲಿ, ತನ್ನದೇ ಗಡಿಯಾರ ನೋಡಿ ಅದು ಈ ಎರಡರ ನಡುವೆ ಇದೆಯೇ ಎಂದು ಹೋಲಿಸುತ್ತದೆ. ಅಷ್ಟೇ ಲೆಕ್ಕ. ಗಡಿಯಾರ ಸರಿಯಿದೆಯೇ ಎಂದು ಅದು ಯಾರನ್ನೂ ಕೇಳುವುದಿಲ್ಲ.

ನನ್ನ ಲ್ಯಾಪ್‌ಟಾಪಿನಿಂದ ಆ ಸರ್ವರ್‌ನ ದಿನಾಂಕಗಳನ್ನು ಓದಿದೆ. ಸರ್ವರ್‌ನ ನಿಜವಾದ ಹೆಸರಿನ ಜಾಗದಲ್ಲಿ ಇಲ್ಲಿ `example.com` ಹಾಕಿದ್ದೇನೆ:

```
$ openssl s_client -connect example.com:443 \
  -servername example.com </dev/null 2>/dev/null \
  | openssl x509 -noout -dates
notBefore=Mar  3 05:12:44 2025 GMT
notAfter=Jun  1 05:12:43 2025 GMT
```

ಆಮೇಲೆ ಪೆಟ್ಟಿಗೆಯನ್ನೇ ಕೇಳಿದೆ, ಇವತ್ತು ಯಾವ ದಿನ ಅಂತ:

```
$ date -u
Wed Feb 26 06:40:10 UTC 2025
```

ಪೆಟ್ಟಿಗೆ ಒಂಬತ್ತು ದಿನ ಹಿಂದಿತ್ತು. ಅದರ ಪಾಲಿಗೆ ಮಾರ್ಚ್ 3 ಇನ್ನೂ ಬಂದೇ ಇರಲಿಲ್ಲ. ಮುಂದೆಂದೋ ಜಾರಿಗೆ ಬರುವ ಪತ್ರವನ್ನು ಈಗಲೇ ತೋರಿಸುತ್ತಿರುವವನನ್ನು ಅದು ನಂಬದಿದ್ದುದು ನ್ಯಾಯವೇ.

ಹಾಗಾದರೆ ನಡುವಿನ ದಿನಗಳಲ್ಲಿ ಅದು ಕೆಲಸ ಮಾಡುತ್ತಿದ್ದುದು ಹೇಗೆ? ಆ ಸರ್ವರ್ ಬಳಸುತ್ತಿದ್ದುದು 90 ದಿನದ ಸರ್ಟಿಫಿಕೇಟ್. 30 ದಿನ ಉಳಿದಿರುವಾಗಲೇ, ಅಂದರೆ 60ನೇ ದಿನಕ್ಕೆ, ಅದು ತಾನಾಗಿ ನವೀಕರಣವಾಗುತ್ತಿತ್ತು. ಹಿಂದಕ್ಕೆ ಎಣಿಸಿದರೆ ನವೆಂಬರ್ 3, ಜನವರಿ 2, ಮಾರ್ಚ್ 3. ಪ್ರತಿ ನವೀಕರಣದ ದಿನ `notBefore` ಇವತ್ತಿನ ದಿನಾಂಕಕ್ಕೆ ಜಿಗಿಯುತ್ತದೆ, ಪೆಟ್ಟಿಗೆ ಮಾತ್ರ ಒಂಬತ್ತು ದಿನ ಹಿಂದೆಯೇ ಇರುತ್ತದೆ. ಆ ಒಂಬತ್ತು ದಿನ ಅದು ಸರ್ವರನ್ನು ತಿರಸ್ಕರಿಸುತ್ತದೆ. ಹತ್ತನೆಯ ದಿನಕ್ಕೆ ಅದರ ತಪ್ಪು ಗಡಿಯಾರವೂ `notBefore` ದಾಟುತ್ತದೆ, ಮುಂದಿನ ಐವತ್ತು ದಿನ ಎಲ್ಲ ಸುಸೂತ್ರ. ಅಲ್ಲಿಯವರ ಗ್ರಾಫ್‌ನಲ್ಲಿದ್ದ ಖಾಲಿ ಜಾಗಗಳನ್ನು ಈ ದಿನಾಂಕಗಳ ಪಕ್ಕ ಇಟ್ಟು ನೋಡಿದೆವು: ನವೆಂಬರ್ 3ರಿಂದ 12, ಜನವರಿ 2ರಿಂದ 11. ನಾನು ಕೈಕಟ್ಟಿ ಕೂತಿದ್ದರೂ ಮಾರ್ಚ್ 12ಕ್ಕೆ ಅದು ಸರಿಹೋಗುತ್ತಿತ್ತು. ಯಾರಾದರೂ ಮೂರನೇ ರೂಟರ್ ತಂದಿದ್ದರೆ ಕೀರ್ತಿ ಅದಕ್ಕೂ ಸಲ್ಲುತ್ತಿತ್ತು.

ಗಡಿಯಾರ ಸ್ವಲ್ಪವೇ ತಪ್ಪಿದ್ದಾಗಿನ ತೊಂದರೆ ಇದೇ. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬ್ಯಾಟರಿ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋದರೆ ಯಾವ ಸೈಟೂ ತೆರೆಯುವುದಿಲ್ಲ, ಕ್ರೋಮ್ ಕೂಡ ನಿಮ್ಮ ಗಡಿಯಾರ ಹಿಂದಿದೆ ಎಂದು ನೇರವಾಗಿಯೇ ಹೇಳುತ್ತದೆ. ಅದು ಸುಲಭದ ಕೇಸು. ಇಪ್ಪತ್ತು ದಿನ ಹಿಂದಿದ್ದರೆ ಹಾಗಲ್ಲ: ಕಳೆದ ಇಪ್ಪತ್ತು ದಿನಗಳಲ್ಲಿ ಸರ್ಟಿಫಿಕೇಟ್ ಬದಲಿಸಿದ ಸೈಟುಗಳಷ್ಟೇ ಮುಚ್ಚಿಕೊಳ್ಳುತ್ತವೆ, ಉಳಿದವು ತೆರೆಯುತ್ತವೆ. ಹಾಗಾಗಿ ಬಳಸುವವರು ಸೈಟನ್ನು ದೂರುತ್ತಾರೆ. ಗಡಿಯಾರ ಮುಂದೆ ಓಡಿದ್ದರೆ ಇದೇ ಆಟ ತಿರುಗುಮುರುಗು, ಅವಧಿ ಮುಗಿಯಲು ಹತ್ತಿರವಿರುವ ಸೈಟುಗಳು ಮೊದಲು ಹೋಗುತ್ತವೆ. ಒಂದೇ ಸೈಟು ಎಲ್ಲರ ಸಾಧನದಲ್ಲೂ ದಿನಾಂಕದ ದೋಷ ತೋರಿಸಿದರೆ ತಪ್ಪು ಸೈಟಿನದು. ಒಂದೇ ಸಾಧನದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸೈಟುಗಳು ತೋರಿಸಿದರೆ ಗಡಿಯಾರದ್ದು.

ಪರದೆಯ ಮೂಲೆಯ ಸಮಯ ಕೈಗಡಿಯಾರಕ್ಕೆ ಹೊಂದಿದರೆ ಸಾಕೆಂದುಕೊಳ್ಳಬೇಡಿ. ಟೈಮ್‌ಜೋನ್ ತಪ್ಪಾಗಿದ್ದು, ಅದನ್ನು ಬಿಟ್ಟು ಮುಳ್ಳುಗಳನ್ನಷ್ಟೇ ತಿರುಗಿಸಿದ್ದರೆ ಕಣ್ಣಿಗೆ ಕಾಣುವ ಸಮಯ ಸರಿ, ಒಳಗಿನ ಯುಟಿಸಿ ತಪ್ಪು. ಹೋಲಿಕೆ ನಡೆಯುವುದು ಒಳಗಿನದರ ಜೊತೆ. ಕೆಲವು ಗಂಟೆಗಳ ಈ ತಪ್ಪು ಹೊಸದಾಗಿ ಕೊಟ್ಟ, ಇಲ್ಲವೇ ಅವಧಿ ಮುಗಿಯುತ್ತಿರುವ ಸರ್ಟಿಫಿಕೇಟ್ ಎದುರಾದಾಗ ಮಾತ್ರ ಬಯಲಾಗುತ್ತದೆ. ತುಸು ನಿಧಾನದ ಗಡಿಯಾರಗಳು ಲೋಕದಲ್ಲಿ ಬೇಕಾದಷ್ಟಿವೆ ಎಂಬುದು ಕೊಡುವವರಿಗೂ ಗೊತ್ತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ತನ್ನ ಸರ್ಟಿಫಿಕೇಟಿನ `notBefore` ಅನ್ನು ಕೊಟ್ಟ ಹೊತ್ತಿಗಿಂತ ಒಂದು ಗಂಟೆ ಹಿಂದಕ್ಕೆ ಬರೆಯುವುದು ಇದಕ್ಕೇ. ಒಂದು ಗಂಟೆಯ ಆ ರಿಯಾಯಿತಿ ಒಂಬತ್ತು ದಿನಕ್ಕೆ ಎಲ್ಲಿ ಸಾಕು?

ಪೆಟ್ಟಿಗೆ ಒಂಬತ್ತು ದಿನ ಕಳೆದುಕೊಂಡದ್ದು ಹೇಗೆ ಎನ್ನುವುದು ಉಳಿಯಿತು. ಇಂಥ ಅಗ್ಗದ ಬೋರ್ಡುಗಳಲ್ಲಿ ಹಲವಕ್ಕೆ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರುವುದಿಲ್ಲ. ವಿದ್ಯುತ್ ಹೋದರೆ ಸಮಯವೂ ಹೋಗುತ್ತದೆ. ಅದಕ್ಕೆ ಪರಿಹಾರವಾಗಿ `fake-hwclock` ಎಂಬ ಪುಟ್ಟ ಪ್ರೋಗ್ರಾಂ ಆಗಾಗ ಸಮಯವನ್ನು ಒಂದು ಫೈಲಿಗೆ ಬರೆದಿಟ್ಟು, ಮತ್ತೆ ಚಾಲೂ ಆದಾಗ ಅಲ್ಲಿಂದಲೇ ಮುಂದುವರಿಸುತ್ತದೆ. ಲಿನಕ್ಸ್ ಕಾಲ ಎಣಿಸತೊಡಗುವ 1970ರಿಂದ ಶುರುಮಾಡುವುದಕ್ಕಿಂತ ವಾಸಿ. ಆದರೆ ಮಲಗಿದ್ದ ಕಾಲದ ಲೆಕ್ಕ ಅದಕ್ಕೆ ಸಿಗುವುದಿಲ್ಲ, ಅದನ್ನು ತುಂಬಿಕೊಡಬೇಕಾದ್ದು ನೆಟ್‌ವರ್ಕಿನಿಂದ ಸಮಯ ತರುವ ಎನ್‌ಟಿಪಿ. ಅಕ್ಟೋಬರ್‌ನಲ್ಲಿ ವೈರಿಂಗ್ ಕೆಲಸಕ್ಕೆಂದು ಒಂಬತ್ತು ದಿನ ಕರೆಂಟ್ ತೆಗೆದಿದ್ದರಂತೆ. ಆ ಬಿಡುವಿನಲ್ಲೇ ಹೊಸ ಫೈರ್‌ವಾಲ್ ಕೂರಿಸಿದ್ದರು, ಅದು ಹೊರಹೋಗುವ ಯುಡಿಪಿ 123ನೇ ಪೋರ್ಟನ್ನು ತಡೆದಿತ್ತು. ಎನ್‌ಟಿಪಿ ಮಾತಾಡುವುದು ಆ ಪೋರ್ಟಿನಲ್ಲೇ. `timedatectl` ಕೊಟ್ಟು ನೋಡಿದರೆ `System clock synchronized: no` ಎಂದು ಬರೆದೇ ಇತ್ತು. ಐದು ತಿಂಗಳಿಂದ ಯಾರೂ ಕೇಳಿರಲಿಲ್ಲ ಅಷ್ಟೆ. ಉಷ್ಣಾಂಶದ ಅಂಕಿಗಳಿಗೆ ಸರ್ವರ್ ತನ್ನದೇ ಸಮಯ ಹಾಕಿಕೊಳ್ಳುತ್ತಿದ್ದುದರಿಂದ ಗ್ರಾಫ್‌ನಲ್ಲೂ ಸುಳಿವು ಸಿಕ್ಕಿರಲಿಲ್ಲ.

ನಾನು ಬರುವ ಮುಂಚೆ ಪೆಟ್ಟಿಗೆ ಮಾರಿದವರು ಫೋನಿನಲ್ಲಿ ಒಂದು ದಾರಿ ಹೇಳಿದ್ದರು: ಪ್ರೋಗ್ರಾಂನಲ್ಲಿ ಸರ್ಟಿಫಿಕೇಟ್ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ. ಕೆಲಸ ನಡೆಯುತ್ತದೆ, ನಿಜ. ಆದರೆ ಆಮೇಲೆ ಆ ಪೆಟ್ಟಿಗೆ ದಿನಾಂಕವನ್ನಷ್ಟೇ ಅಲ್ಲ, ಹೆಸರನ್ನೂ ಸಹಿಯನ್ನೂ ನೋಡುವುದಿಲ್ಲ. ನಡುವೆ ಯಾರು ಕೂತು ನಾನೇ ಸರ್ವರ್ ಎಂದರೂ ತನ್ನ ಪಾಸ್‌ವರ್ಡ್ ಒಪ್ಪಿಸುತ್ತದೆ. ಈ ಸಲಹೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಸರ್ವರ್ ಹೇಳುವ ಸಮಯವನ್ನೇ ನಂಬಬಾರದೇಕೆ ಎಂದು ಅಲ್ಲಿನ ಎಂಜಿನಿಯರ್ ಕೇಳಿದರು. ಒಳ್ಳೆಯ ಪ್ರಶ್ನೆ. ಯಾರ ಗುರುತನ್ನು ಪರೀಕ್ಷಿಸುತ್ತಿದ್ದೇವೋ ಅವರನ್ನೇ ದಿನಾಂಕ ಕೇಳಿದರೆ ಪರೀಕ್ಷೆ ಎಲ್ಲಿ ಉಳಿಯಿತು? ಎರಡು ವರ್ಷದ ಹಿಂದೆ ಸರ್ವರ್‌ನ ಗುಪ್ತ ಕೀಲಿ ಕದ್ದು ಇಟ್ಟುಕೊಂಡವನು ಈಗ ಎರಡು ವರ್ಷದ ಹಿಂದಿನ ದಿನ ಎಂದೇ ಹೇಳುತ್ತಾನೆ. ಕದ್ದ ಕೀಲಿಯ ಸರ್ಟಿಫಿಕೇಟನ್ನು ರದ್ದುಪಟ್ಟಿಗೆ ಸೇರಿಸಿರಬಹುದು. ಆದರೆ ಅವಧಿ ಮುಗಿದವುಗಳನ್ನು ಆ ಪಟ್ಟಿಯಿಂದ ಕೈಬಿಡಲು ಸಂಸ್ಥೆಗಳಿಗೆ ಅವಕಾಶವಿದೆ, ಹೇಗೂ ಸತ್ತಿದೆಯಲ್ಲ ಎಂಬ ಲೆಕ್ಕದಲ್ಲಿ. ಹಿಂದೆ ಉಳಿದ ಗಡಿಯಾರದ ಮುಂದೆ ಆ ಸತ್ತದ್ದು ಎದ್ದು ಕೂರುತ್ತದೆ. ಅಂದರೆ ಹಿಂದಿರುವ ಗಡಿಯಾರ ಒಳ್ಳೆಯದನ್ನು ತಡೆಯುವುದಲ್ಲದೆ ಕೆಟ್ಟದ್ದನ್ನು ಒಳಗೂ ಬಿಡುತ್ತದೆ. ಎರಡನೆಯದಕ್ಕೆ ಯಾವ ದೋಷಸಂದೇಶವೂ ಬರುವುದಿಲ್ಲ.

ಸರ್ಟಿಫಿಕೇಟುಗಳ ಆಯುಷ್ಯ ಇನ್ನೂ ಕಡಿಮೆಯಾಗುತ್ತಿದೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ ಮಿತಿ 398 ದಿನವಿತ್ತು. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಮಾಡುವವರು ಸೇರಿದ ವೇದಿಕೆ 2025ರಲ್ಲಿ ತೀರ್ಮಾನಿಸಿದಂತೆ ಅದು 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರಲ್ಲಿ 47. ವರ್ಷಕ್ಕೊಮ್ಮೆ ನವೀಕರಣವಾಗುತ್ತಿದ್ದರೆ ನಮ್ಮ ಪೆಟ್ಟಿಗೆ ವರ್ಷದಲ್ಲಿ ಒಂಬತ್ತು ದಿನ ಮುನಿಸಿಕೊಳ್ಳುತ್ತಿತ್ತು. ತಿಂಗಳಿಗೊಮ್ಮೆಯಾದರೆ ತಿಂಗಳಲ್ಲಿ ಒಂಬತ್ತು ದಿನ.

ರಿಪೇರಿ ಹತ್ತು ನಿಮಿಷದ್ದು. ಆ ನೆಟ್‌ವರ್ಕಿನೊಳಗೇ ಇದ್ದ ಎನ್‌ಟಿಪಿ ಸರ್ವರ್‌ನ ವಿಳಾಸವನ್ನು ಪೆಟ್ಟಿಗೆಗೆ ಕೊಟ್ಟೆ. ಎನ್‌ಟಿಪಿಗೆ ಸರ್ಟಿಫಿಕೇಟ್ ಬೇಕಿಲ್ಲ, ಹಾಗಾಗಿ ಗಡಿಯಾರ ಎಷ್ಟೇ ತಪ್ಪಿದ್ದರೂ ಅದು ಉತ್ತರ ಪಡೆಯುತ್ತದೆ. ಅಂಕಿ ಕಳಿಸುವ ಪ್ರೋಗ್ರಾಂ ಸಮಯ ಹೊಂದಿಕೆಯಾಗುವವರೆಗೆ ಕಾಯುವಂತೆ ಮಾಡಿದೆ. ಬ್ಯಾಟರಿಯಿರುವ ಗಡಿಯಾರದ ಸಣ್ಣ ಮಾಡ್ಯೂಲ್ ಒಂದನ್ನು ಸೇರಿಸಲು ಬರೆದುಕೊಟ್ಟು ಬಂದೆ. ಮೇ 2ಕ್ಕೆ ಮುಂದಿನ ನವೀಕರಣವಿತ್ತು. ಅವತ್ತು ಗ್ರಾಫ್ ತೆರೆದು ನೋಡಿದೆ, ಗೆರೆ ಎಲ್ಲೂ ಕಡಿದಿರಲಿಲ್ಲ. ಪೆಟ್ಟಿಗೆಯೊಳಗಿನ ಲಾಗ್‌ನಲ್ಲಿ ಮಾತ್ರ ಫೆಬ್ರವರಿ 26ರ ಸಾಲಿನ ಕೆಳಗೆ ನೇರವಾಗಿ ಮಾರ್ಚ್ 7ರ ಸಾಲು ಕೂತಿದೆ. ಅಕ್ಟೋಬರ್‌ನಲ್ಲಿ ಕಳೆದ ಒಂಬತ್ತು ದಿನ ಅಲ್ಲಿ ಬಿಟ್ಟುಹೋಗಿದೆ.