5 ಲಕ್ಷದಲ್ಲಿ ದಿನದ 240 ರೂಪಾಯಿ

ನಮ್ಮ ಕಾಕಾ ಬಾಗಲಕೋಟೆಯ ನವನಗರದಲ್ಲಿ ಇರುತ್ತಾರೆ. ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು. 2019ರ ಡಿಸೆಂಬರ್ ಕೊನೆಯಲ್ಲಿ ತಮ್ಮ ಹೆಸರಲ್ಲಿ 5 ಲಕ್ಷ, ಕಾಕೂ ಹೆಸರಲ್ಲಿ 5 ಲಕ್ಷ, ಒಂದೇ ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯನ್ನೇ ಹಿಂಬಾಲಿಸುವ ಫಂಡಿಗೆ ಹಾಕಿದರು. ಕಾಕಾನ ಮೊಬೈಲಿನಲ್ಲಿ ಆ್ಯಪ್ ಇತ್ತು. ಬೆಳಿಗ್ಗೆ ಚಹಾ ಕುಡಿಯುವಾಗ ಒಮ್ಮೆ, ಮಧ್ಯಾಹ್ನ ಪೇಟೆ ಮುಚ್ಚಿದ ಮೇಲೆ ಒಮ್ಮೆ ತೆರೆದು ನೋಡುತ್ತಿದ್ದರು. ಕಾಕೂ ಹತ್ತಿರ ಇದ್ದದ್ದು ಬಟನ್ ಫೋನು.

2020ರ ಮಾರ್ಚ್ 23. ನಿಫ್ಟಿ ಒಂದೇ ದಿನ ಸುಮಾರು 13% ಬಿದ್ದು 7,610ಕ್ಕೆ ಮುಚ್ಚಿತು. 5 ಲಕ್ಷ ಇದ್ದದ್ದು ಹತ್ತಿರ ಹತ್ತಿರ 3 ಲಕ್ಷ 13 ಸಾವಿರ ಆಯಿತು. ಕಾಕಾ ಅಂದೇ ಮಾರಿ, ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್‌ಡಿ ಮಾಡಿದರು. «ಏನ್ ಮಾಡ್ಲಿ ತಮ್ಮಾ, ರಾತ್ರಿ ನಿದ್ದಿ ಬರವಲ್ತು» ಅಂತ ನನಗೆ ಫೋನ್ ಮಾಡಿದ್ದರು. ಕಾಕೂ ಹೆಸರಿನ ಹಣ ಮಾತ್ರ ಹಾಗೇ ಉಳಿಯಿತು. ಅದನ್ನು ಮಾರಲು ಅವಳ ಸಹಿ ಬೇಕಿತ್ತು. ಲಾಕ್‌ಡೌನ್ ಬಂತು, ಆ ಕೆಲಸ ಅಲ್ಲಿಗೇ ನಿಂತಿತು.

ಡಿಸೆಂಬರ್ 31ಕ್ಕೆ ನಿಫ್ಟಿ 13,981. ಹಿಂದಿನ ವರ್ಷ ಅದೇ ದಿನ 12,168 ಇತ್ತು. ಸೂಚ್ಯಂಕದ ಲೆಕ್ಕದಲ್ಲೇ ಹೇಳುವುದಾದರೆ ಕಾಕೂ ಹಣ 5 ಲಕ್ಷ 74 ಸಾವಿರ ಆಗಿತ್ತು. ಕಾಕಾನದ್ದು ಬಡ್ಡಿ ಸೇರಿಸಿಯೂ 3 ಲಕ್ಷ 26 ಸಾವಿರ ದಾಟಿರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ನೋಡಿದವರ ಪಾಲಿಗೆ 2020 ಸುಮಾರು 15% ಗಳಿಕೆಯ ಒಳ್ಳೆಯ ವರ್ಷ. ದಿನಾ ನೋಡಿದವರಿಗೆ ಅದೇ ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಕಳೆದ ವರ್ಷ.

ಕಾಕಾ ಹೆದರುಪುಕ್ಕಲರಲ್ಲ. ಆ ಫೋನ್ ನನ್ನ ಕೈಯಲ್ಲಿದ್ದರೆ ನಾನೂ ಮಾರುತ್ತಿದ್ದೆನೋ ಏನೋ. ತಪ್ಪು ಎಲ್ಲಿದೆ ಎಂದು ನೋಡಲು ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ಇಂಡೆಕ್ಸ್ ಫಂಡು ವರ್ಷಕ್ಕೆ ಸರಾಸರಿ 12% ಬೆಳೆಯುತ್ತದೆ, ಅದರ ಏರಿಳಿತ ವರ್ಷಕ್ಕೆ 16% ಎಂದು ಇಟ್ಟುಕೊಳ್ಳಿ. ಪೇಟೆ ವರ್ಷಕ್ಕೆ ಸುಮಾರು 250 ದಿನ ನಡೆಯುತ್ತದೆ. ಹಾಗಾದರೆ 5 ಲಕ್ಷಕ್ಕೆ ಒಂದು ದಿನದ ಸರಾಸರಿ ಗಳಿಕೆ ಬರೀ 240 ರೂಪಾಯಿ. ಅದೇ ದಿನದ ಓಲಾಟ ಮಾತ್ರ 5,000 ರೂಪಾಯಿ, ಮೇಲಕ್ಕಾದರೂ ಸರಿ, ಕೆಳಕ್ಕಾದರೂ ಸರಿ. ದಿನಾ ಕಾಕಾ ಆ್ಯಪಿನಲ್ಲಿ ನೋಡುತ್ತಿದ್ದದ್ದು ಈ ಓಲಾಟವನ್ನೇ. 240 ರೂಪಾಯಿ ಅದರೊಳಗೆ ಎಲ್ಲೋ ಮುಳುಗಿರುತ್ತಿತ್ತು.

ಇದು ನನಗೆ ಹೊಳೆದದ್ದು ಜಮಖಂಡಿ ಕಡೆ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಾಗ. ಕಬ್ಬು ಒಂದು ದಿನಕ್ಕೆ ಬೆಳೆಯುವುದು ಬೆರಳಿನಷ್ಟೂ ಅಲ್ಲ. ಗಾಳಿಗೆ ಅದರ ತುದಿ ಮಾತ್ರ ಗೇಣುಗಟ್ಟಲೆ ತೂಗುತ್ತದೆ. ತೂಗುವ ತುದಿಗೆ ದಿನಾ ಟೇಪ್ ಹಿಡಿದರೆ ಇವತ್ತು ಬೆಳೆದಿದೆ, ನಾಳೆ ಕುಗ್ಗಿದೆ ಅನ್ನಿಸುತ್ತೆ, ಅಲ್ವಾ? ಆದರೆ ಈ ಹೋಲಿಕೆ ಪೂರ್ತಿ ಸರಿ ಇಲ್ಲ. ಗಾಳಿ ನಿಂತರೆ ಕಬ್ಬು ಮತ್ತೆ ನೆಟ್ಟಗಾಗುತ್ತದೆ. ಪೇಟೆಯ ಓಲಾಟ ಹಾಗೆ ಪೂರ್ತಿ ಅಳಿಸಿಹೋಗುವುದಿಲ್ಲ, ಸ್ವಲ್ಪ ಸ್ವಲ್ಪ ಕೂಡುತ್ತಾ ಹೋಗುತ್ತದೆ.

ಅದಕ್ಕೆ ಕುರಿಯ ಹೋಲಿಕೆ ಮೇಲು. ಹಿಂಡಿನಲ್ಲಿರುವ ಒಂದು ಕುರಿಯನ್ನೇ ನೋಡುತ್ತಾ ಕೂತುಕೊಳ್ಳಿ. ಎಡಕ್ಕೆ ಹೋಗುತ್ತೆ, ಹಿಂದಕ್ಕೆ ಬರುತ್ತೆ, ಮತ್ತೆ ಮುಂದಕ್ಕೆ. ಹಿಂಡು ಯಾವ ಕಡೆ ಸಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಆದರೆ ಅದರ ಅಡ್ಡಾದಿಡ್ಡಿ ಹೆಜ್ಜೆಗಳು ಒಂದನ್ನೊಂದು ಎಷ್ಟೋ ಮಟ್ಟಿಗೆ ಹೊಡೆದುಹಾಕುತ್ತವೆ. ಕುರುಬ ಓಡಿಸುವ ದಿಕ್ಕಿನ ಹೆಜ್ಜೆಗಳು ಕೂಡುತ್ತಲೇ ಹೋಗುತ್ತವೆ. ಸಂಜೆ ಬಂದು ನೋಡಿದರೆ ಕುರಿ ಊರ ಆಚೆ ಇರುತ್ತದೆ. ಲೆಕ್ಕದ ನಿಯಮವೂ ಇದೇ. ಗಳಿಕೆ ಕಾಲದಷ್ಟೇ ಬೆಳೆಯುತ್ತದೆ. ಓಲಾಟ ಕಾಲದ ವರ್ಗಮೂಲದಷ್ಟು ಮಾತ್ರ. 100 ದಿನಕ್ಕೆ ಗಳಿಕೆ ನೂರು ಪಟ್ಟು ಆದರೆ ಓಲಾಟ ಹತ್ತೇ ಪಟ್ಟು: 24,000 ಎದುರು 50,000. 400 ದಿನಕ್ಕೆ ಎರಡೂ ಸರಿಸುಮಾರು ಸಮ, ಒಂದು ಲಕ್ಷದ ಹತ್ತಿರ.

ಆದ್ದರಿಂದ ಈ ಫಂಡನ್ನು ದಿನಾ ನೋಡಿದರೆ 100ರಲ್ಲಿ 52 ಸಲ ಲಾಭ ಕಾಣುತ್ತದೆ, 48 ಸಲ ನಷ್ಟ. ವರ್ಷಕ್ಕೊಮ್ಮೆ ನೋಡಿದರೆ 77 ಸಲ ಲಾಭ, 23 ಸಲ ನಷ್ಟ.

ಇಲ್ಲಿ ಮನಸ್ಸಿನ ಗುಣ ಸೇರಿಕೊಳ್ಳುತ್ತದೆ. ಸಾವಿರ ರೂಪಾಯಿ ಸಿಕ್ಕ ಖುಷಿಗಿಂತ ಸಾವಿರ ಕಳೆದ ನೋವು ಸುಮಾರು ಎರಡು ಪಟ್ಟು ದೊಡ್ಡದು. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1992ರಲ್ಲಿ ಅಂದಾಜು ಮಾಡಿದ ಅಂಕಿ 2.25. ನಾವು ಎರಡೇ ಇಟ್ಟುಕೊಳ್ಳೋಣ. ಲಾಭದ ದಿನಕ್ಕೆ ಒಂದು ಖುಷಿ, ನಷ್ಟದ ದಿನಕ್ಕೆ ಎರಡು ನೋವು. ವರ್ಷದ 250 ದಿನದಲ್ಲಿ 130 ಖುಷಿ, 240 ನೋವು. ಹಣ ಬೆಳೆಯುತ್ತಿದ್ದರೂ ಮನಸ್ಸಿನ ಖಾತೆಯಲ್ಲಿ ವರ್ಷವಿಡೀ ಸಾಲ. ಹಾಗೆ ನೊಂದ ಮನಸ್ಸು ಒಂದು ದಿನ ಮಾರಿಬಿಡುತ್ತದೆ.

ಇದರ ಬೀಜ 1963ರಲ್ಲೇ ಇದೆ. ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ತಮ್ಮ ಸಹೋದ್ಯೋಗಿಗೆ ಒಂದು ಪಂದ್ಯ ಕಟ್ಟಿದರು. ನಾಣ್ಯ ಚಿಮ್ಮಿ ಗೆದ್ದರೆ 200 ಡಾಲರ್, ಸೋತರೆ 100 ಕೊಡಬೇಕು. ಆತ ಒಪ್ಪಲಿಲ್ಲ. ಆದರೆ ಇಂಥದ್ದೇ ನೂರು ಪಂದ್ಯ ಆಡಲು ಬಿಟ್ಟರೆ ತಯಾರು ಎಂದ. ಅದನ್ನೇ ಹಿಡಿದು ಶ್ಲೋಮೊ ಬೆನಾರ್ಟ್ಜಿ ಮತ್ತು ರಿಚರ್ಡ್ ಥೇಲರ್ 1995ರಲ್ಲಿ ಒಂದು ಮಾತು ಹೇಳಿದರು. ಷೇರು ಎಷ್ಟು ಭಯ ಹುಟ್ಟಿಸುತ್ತದೆ ಎಂಬುದು ಅದನ್ನು ಎಷ್ಟು ಸಲ ನೋಡುತ್ತೀರಿ ಎಂಬುದರ ಮೇಲೂ ನಿಂತಿದೆ. 1997ರಲ್ಲಿ ಥೇಲರ್, ಟ್ವೆರ್ಸ್ಕಿ, ಕಾನೆಮನ್ ಮತ್ತು ಅಲನ್ ಶ್ವಾರ್ಟ್ಸ್ ಪ್ರಯೋಗ ಮಾಡಿ ನೋಡಿದರು. ಎರಡು ಫಂಡು, ಒಂದು ಬಾಂಡಿನಂಥದ್ದು, ಒಂದು ಷೇರಿನಂಥದ್ದು. ತಿಂಗಳ ಲೆಕ್ಕದಲ್ಲಿ ಫಲ ಕಂಡವರು ಕೊನೆಗೆ ಷೇರಿನಂಥದ್ದಕ್ಕೆ ಸುಮಾರು 40% ಹಣ ಇಟ್ಟರು. ವರ್ಷದ ಲೆಕ್ಕದಲ್ಲಿ ಕಂಡವರು ಹತ್ತಿರ ಹತ್ತಿರ 70%. ಫಂಡು ಎರಡೂ ಗುಂಪಿಗೆ ಅವೇ.

ದುಡ್ಡಿನ ವ್ಯವಹಾರದಲ್ಲೇ ಇರುವವರಿಗೆ ಇದು ತಟ್ಟುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. 2005ರಲ್ಲಿ ಮೈಕೆಲ್ ಹೇಗ್ ಮತ್ತು ಜಾನ್ ಲಿಸ್ಟ್ ಶಿಕಾಗೊದ ವೃತ್ತಿಪರ ಟ್ರೇಡರ್‌ಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಪದೇ ಪದೇ ನೋಡಿ ಹೆದರುವ ಈ ದೋಷ ಅವರಲ್ಲಿ ವಿದ್ಯಾರ್ಥಿಗಳಿಗಿಂತ ಜಾಸ್ತಿಯೇ ಇತ್ತು.

ನಮ್ಮ ಕಡೆ ಇದನ್ನು ಒಪ್ಪಿಸುವುದು ಕಷ್ಟ. ಆಳು ಮಾಡಿದ್ದು ಹಾಳು ಎಂದು ಕೇಳಿ ಬೆಳೆದವರು ನಾವು. ಹೊಲಕ್ಕೆ ಅದು ನಿಜ. ದಿನಾ ಹೋದರೆ ಹುಳ ಕಾಣುತ್ತದೆ, ಔಷಧಿ ಹೊಡೆಯುತ್ತೀರಿ. ಇಂಡೆಕ್ಸ್ ಫಂಡನ್ನು ದಿನಾ ನೋಡಿ ಏನು ಮಾಡುತ್ತೀರಿ? ಅಲ್ಲಿ ಇರುವುದು ಎರಡೇ ಗುಂಡಿ: ಕೊಳ್ಳು, ಮಾರು.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಒಂದೇ ಕಂಪನಿಯ ಷೇರಿಗೆ ಕುರುಬನೇ ಇಲ್ಲದಿರಬಹುದು, ಕಂಪನಿ ಮುಳುಗಿದರೆ ಕಾದು ಪ್ರಯೋಜನವಿಲ್ಲ. ಸಾಲ ತೆಗೆದು ಆಡುವವರು ನೋಡಲೇಬೇಕು. ಬರುವ ವರ್ಷ ಮಗಳ ಮದುವೆಗೆ ಬೇಕಾದ ಹಣ ಷೇರಿನಲ್ಲಿ ಇರಲೇಬಾರದು. ವರ್ಷಕ್ಕೊಮ್ಮೆ ನೋಡುವವರಿಗೂ 100ರಲ್ಲಿ 23 ಸಲ ಕೆಟ್ಟ ಸುದ್ದಿಯೇ ಕಾದಿರುತ್ತದೆ.

ಕಾಕಾ 2021ರಲ್ಲಿ ಮತ್ತೆ ಹಣ ಹಾಕಿದರು. ಆ್ಯಪ್ ತೆಗೆಸಿದರು. ದೀಪಾವಳಿಗೆ ಅಂಗಡಿಯವರು ಖಾತೆ ಪುಸ್ತಕ ಪೂಜೆ ಮಾಡುವ ದಿನ ನಾನು ನವನಗರಕ್ಕೆ ಹೋಗುತ್ತೇನೆ. ಕಾಕೂ ಕರ್ಚಿಕಾಯಿ ತಂದಿಡುತ್ತಾಳೆ. ಷೇರು 60, ಎಫ್‌ಡಿ 40 ಎಂದು ಕಾಕಾ ಬರೆದಿಟ್ಟ ಚೀಟಿ ತೆಗೆಯುತ್ತೇವೆ. ಷೇರು 65 ದಾಟಿದ್ದರೆ ಹೆಚ್ಚಾದದ್ದನ್ನು ಆ ಕಡೆ ಹಾಕುತ್ತೇವೆ, 55ಕ್ಕಿಂತ ಇಳಿದಿದ್ದರೆ ಈ ಕಡೆ ತರುತ್ತೇವೆ. ನಾಮಿನಿ ಹೆಸರು ಸರಿ ಇದೆಯಾ ನೋಡುತ್ತೇವೆ. ಇಪ್ಪತ್ತು ನಿಮಿಷದ ಕೆಲಸ. ಹೋದ ಸಲ ಚೀಟಿ ಮಡಚುವಾಗ ಕಾಕೂ ಕೇಳಿದಳು, «ಇನ್ನ ಬರೂ ದೀಪಾವಳಿಗೇ ಹೌದಲ್ಲ?» ಕಾಕಾ ಹೂಂ ಅಂದು ಚೀಟಿಯನ್ನು ಕಪಾಟಿನೊಳಗೆ ಇಟ್ಟರು.