ಹಳೇ ಫೋಟೊ, ಹೊಸ ಫೋಟೊ ತೋರಿಸಿದರೆ ಸಾಕಲ್ವಾ?

ಪ್ರಶ್ನೆ: ನಮ್ಮ ಕೆರೆ ನೀರಿನ ಪರೀಕ್ಷೆ ವರದಿ ಬಂದಿದೆ. ಸುತ್ತಲಿನ ಜನರಿಗೆ ಸಭೆಯಲ್ಲಿ ವಿವರಿಸಬೇಕು. ಅಂಕಿಅಂಶ ಯಾರಿಗೂ ತಲೆಗೆ ಹೋಗಲ್ಲ. ಹಳೇ ಫೋಟೊ, ಈಗಿನ ಫೋಟೊ ಪಕ್ಕಪಕ್ಕ ಇಟ್ಟರೆ ಸಾಲದೇ? ಫೋಟೊ ಸುಳ್ಳು ಹೇಳಲ್ಲ ತಾನೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮತ್ತೆ ಬರೆಯುತ್ತೇನೆ, ಯಾಕೆಂದರೆ 'ಫೋಟೊ ಸುಳ್ಳು ಹೇಳಲ್ಲ' ಅನ್ನುವ ನಂಬಿಕೆಯೇ ಎಷ್ಟೋ ಸಭೆಗಳನ್ನು ಕೆಡಿಸಿದೆ.

ನಾನು ಕೂತಿದ್ದ ಒಂದು ಸಭೆಯಲ್ಲಿ ಹೀಗಾಯಿತು. ಪರದೆಯ ಎಡಗಡೆ ತಿಳಿನೀರಿನ ಕೆರೆ, ಬಲಗಡೆ ಹಸಿರು ಹೊದ್ದ ಅದೇ ಕೆರೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. "ಎಡಗಡೆದರಲ್ಲಿ ಕೋಡಿ ಹರೀತಾ ಇದೆ ನೋಡಿ, ಅದು ಮಳೆಗಾಲದ್ದು. ಇದು ಬೇಸಿಗೇದು. ಬೇಸಿಗೆಯಲ್ಲಿ ಯಾವ ಕೆರೆ ಚೆನ್ನಾಗಿರುತ್ತೆ?" ಅಂದರು. ಅವರ ಮಾತು ಸರಿಯಾಗಿತ್ತು. ಆಮೇಲೆ ಹೇಳಿದ ಪರೀಕ್ಷೆ ಫಲಿತಾಂಶವೂ ಸರಿಯಾಗೇ ಇತ್ತು, ಆದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆರೆಯ ಮುಖ ದಿನದಿನಕ್ಕೂ ಬದಲಾಗುತ್ತದೆ. ಅಂತರಗಂಗೆ ತೇಲುವ ಗಿಡ, ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಈ ದಡ ತುಂಬಿದ್ದರೆ ಸಂಜೆ ಆ ದಡ. ಕೆಲವು ಬಗೆಯ ಪಾಚಿ ಗಾಳಿ ಇಲ್ಲದಾಗ ಮೇಲೆದ್ದು ಬಣ್ಣ ಬಳಿದಂತೆ ಹರಡುತ್ತದೆ, ಅಲೆ ಎದ್ದರೆ ನೀರಲ್ಲಿ ಬೆರೆತು ಮಾಯವಾಗುತ್ತದೆ. ಸಂಜೆ ಬಿಸಿಲಲ್ಲಿ ಓರೆಯಾಗಿ ನಿಂತು ತೆಗೆದರೆ ಕೊಳಚೆ ನೀರೂ ಆಕಾಶದ ಬಣ್ಣಕ್ಕೆ ತಿರುಗುತ್ತದೆ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಗಿಡ ತೆಗೆಸಿದ ಮರುದಿನದ ಫೋಟೊ ನೋಡಿ 'ಕೆರೆ ಶುದ್ಧವಾಯ್ತು' ಅನ್ನುವುದು. ಚರಂಡಿ ನೀರು ಮೊದಲಿನಷ್ಟೇ ಬರುತ್ತಿರುತ್ತದೆ. ರೋಗ ತರುವ ಸೂಕ್ಷ್ಮಜೀವಿಗಳು ಯಾವ ಕ್ಯಾಮೆರಾಕ್ಕೂ ಕಾಣಲ್ಲ. ತಿಳಿನೀರು ಅಂದ ಮಾತ್ರಕ್ಕೆ ಒಳ್ಳೇ ನೀರಲ್ಲ.

ಹಾಗಂತ ಫೋಟೊ ಬಿಡಬೇಡಿ. ಹೊಂದುವ ಜೋಡಿ ಮಾಡಿ. ಹಳೇ ಫೋಟೊ ಕೈಯಲ್ಲಿ ಹಿಡಿದು ದಡದ ಮೇಲೆ ನಡೆಯಿರಿ. ಅದರಲ್ಲಿ ಹತ್ತಿರದ ಕಂಬ ದೂರದ ಗುಡ್ಡದ ತುದಿಗೆ ಸರಿಯಾಗಿ ಕೂತಿದ್ದರೆ, ನಿಮ್ಮ ಕಣ್ಣಿಗೂ ಹಾಗೇ ಕೂರುವವರೆಗೆ ಜರುಗಿ. ಹಾಗೇ ಇನ್ನೊಂದು ಜೋಡಿ ಗುರುತೂ ಹೊಂದಿದರೆ ಅದೇ ಜಾಗ. ಅಲ್ಲೊಂದು ಕಲ್ಲಿಗೆ ಬಣ್ಣ ಹಚ್ಚಿ. ಅದೇ ತಿಂಗಳು, ಅದೇ ಹೊತ್ತಿಗೆ, ಜೂಮ್ ಮಾಡದೆ ತೆಗೆಯಿರಿ. ಫೋಟೊ ಮೇಲೆ ತಾರೀಖಿನ ಜೊತೆ ನೀರಿನ ಮಟ್ಟವನ್ನೂ ಬರೆಯಿರಿ. ಎರಡೇ ಫೋಟೊಗಿಂತ, ಒಂದೇ ತಿಂಗಳಲ್ಲಿ ತೆಗೆದ ನಾಲ್ಕು ವರ್ಷದ ನಾಲ್ಕು ಫೋಟೊ ಇದ್ದರೆ ಬೇಸಿಗೆ-ಮಳೆಗಾಲದ ತಕರಾರು ಏಳಲ್ಲ.

ಪ್ರತಿ ಫೋಟೊ ಕೆಳಗೆ ಒಂದೇ ಒಂದು ಅಂಕಿ ಹಾಕಿ. ನಾನು ಆರಿಸುವುದು ನೀರಲ್ಲಿ ಕರಗಿರುವ ಆಮ್ಲಜನಕ. ಸಭೆಯಲ್ಲಿ 'ಮೀನು ಉಸಿರಾಡುವ ಗಾಳಿ' ಅನ್ನಿ, ಮಕ್ಕಳಿಗೂ ಅರ್ಥವಾಗುತ್ತದೆ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ಆದರೆ ಅಳೆದ ಹೊತ್ತು ಯಾವುದು ಅಂತ ಮೊದಲು ನೋಡಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಪಾಚಿ ಜಾಸ್ತಿ ಇರುವ ಕೆರೆಯಲ್ಲಿ ಮಧ್ಯಾಹ್ನ 3ಕ್ಕೆ 9 ತೋರಿಸಿದ ಜಾಗ, ನಸುಕಿನಲ್ಲಿ 2 ತೋರಿಸಬಹುದು. ಮಧ್ಯಾಹ್ನದ ಅಂಕಿ ಮಾತ್ರ ತೋರಿಸಿದರೆ ಸಾಯುತ್ತಿರುವ ಕೆರೆಯೂ ಆರೋಗ್ಯವಾಗಿ ಕಾಣುತ್ತದೆ. ಸೂರ್ಯ ಹುಟ್ಟುವ ಮೊದಲು ಅಳೆದದ್ದನ್ನೇ ಹಾಕಿ.

ನಕ್ಷೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆರು ಕಡೆ ನೀರು ತೆಗೆದಿದ್ದರೆ ನಕ್ಷೆಯಲ್ಲಿ ಆರು ಚುಕ್ಕೆ ಇರಲಿ. ಕಂಪ್ಯೂಟರ್ ಆ ಆರು ಅಂಕಿಗಳಿಂದ ಇಡೀ ಕೆರೆಗೆ ಬಣ್ಣ ತುಂಬಿ ಕೊಡುತ್ತದೆ. ನೋಡೋಕೆ ಚೆಂದ, ಆದರೆ ಯಾರೂ ನೀರು ತೆಗೆಯದ ಮೂಲೆಯೂ ಕೆಂಪಾಗಿರುತ್ತದೆ. ಕೆಂಪು-ಹಸಿರು ಬಣ್ಣ ಬೇರೆ ಮಾಡಲಾಗದವರೂ ಸಭೆಯಲ್ಲಿರುತ್ತಾರೆ. ಅದಕ್ಕೇ ಸ್ಥಿತಿ ಕೆಟ್ಟಷ್ಟೂ ಚುಕ್ಕೆ ದೊಡ್ಡದು ಮಾಡಿ. ಚರಂಡಿ ಸೇರುವ ಕಡೆ ಬಾಣ ಹಾಕಿ, ಜನ ಕರೆಯುವ ಹೆಸರನ್ನೇ ಬರೆಯಿರಿ.

ಆಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ ಒಂದು ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಪೆನ್ನು ಜನರ ಕೈಗೆ ಕೊಡಿ. 'ಇಲ್ಲಿ ರಾತ್ರಿ ಹತ್ತರ ಮೇಲೆ ನಾತ ಬರುತ್ತೆ' ಅಂತ ಯಾರೋ ಒಂದು ಗೀಟು ಹಾಕುತ್ತಾರೆ. ನೀವು ಹಗಲು ಮಾತ್ರ ನೀರು ತೆಗೆದಿರುತ್ತೀರಿ. ಮುಂದಿನ ಸಲ ಆ ಗೀಟಿನ ಹತ್ತಿರ, ರಾತ್ರಿ ಹತ್ತಕ್ಕೆ ಬಾಟಲಿ ಹಿಡಿದು ಹೋಗಿ.