ಕಂಪನಿ 22 ಅನ್ನುತ್ತೆ, ನಮಗೆಷ್ಟು ಸಿಗುತ್ತೆ?

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ ಪೆಟ್ರೋಲ್ ಕಾರಿಗೆ ಲೀಟರಿಗೆ 22 ಕಿ.ಮೀ. ಮೈಲೇಜ್ ಎಂದು ಕಂಪನಿ ಹೇಳುತ್ತದೆ. ನಿಜವಾಗಿ ಎಷ್ಟು ಸಿಗಬಹುದು ಅಂತ ಮೊದಲೇ ತಿಳಿಯೋದು ಹೇಗೆ?

ಆ 22 ಸುಳ್ಳೇನಲ್ಲ. ಆದರೆ ಅದು ರಸ್ತೆಯಲ್ಲಿ ಸಿಕ್ಕಿದ್ದಲ್ಲ. ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಹೆಚ್ಚಿನ ಪರೀಕ್ಷೆಗಳಲ್ಲಿ ಎಸಿ ಆಫ್ ಇರುತ್ತದೆ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 34 ಕಿ.ಮೀ. ಜಾಮ್‌ನಲ್ಲಿ ತೆವಳುವವರಿಗೆ ಅಷ್ಟು ವೇಗ ಎಲ್ಲಿ ಸಿಗುತ್ತೆ, ಅಲ್ವಾ? ಎರಡು ಕಾರುಗಳನ್ನು ಹೋಲಿಸಲು ಈ ಅಂಕಿ ಸಾಕು, ಅದೂ ಎರಡಕ್ಕೂ ಒಂದೇ ಪರೀಕ್ಷೆ ಆಗಿದ್ದರೆ. ತಿಂಗಳ ಖರ್ಚು ಲೆಕ್ಕ ಹಾಕಲು ಸಾಲದು.

ಅದಕ್ಕೆ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಕಾರಿನ ಮಾಲೀಕರನ್ನು ಹುಡುಕಿ. ಮ್ಯಾನುಯಲ್ ಕಾರಿನವರ ಲೆಕ್ಕ ಆಟೋಮ್ಯಾಟಿಕ್‌ಗೆ ಹೊಂದದೇ ಇರಬಹುದು. ಸುಮ್ನೆ "ಮೈಲೇಜ್ ಎಷ್ಟು?" ಅಂತ ಕೇಳಬೇಡಿ. ಆ ಮೈಲೇಜ್ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ ವೇಗ ಎಷ್ಟಿತ್ತು ಅಂತಲೂ ಕೇಳಿ. ಇಬ್ಬರೂ "ಸಿಟಿ" ಅಂದರೂ ಒಬ್ಬರ ಸರಾಸರಿ ವೇಗ ಗಂಟೆಗೆ 15 ಕಿ.ಮೀ., ಇನ್ನೊಬ್ಬರದು 30 ಇರಬಹುದು. ನಿಮ್ಮ ಈಗಿನ ಓಡಾಟದ ದೂರವನ್ನು ಸಮಯದಿಂದ ಭಾಗಿಸಿ ನೋಡಿ, ಯಾರ ಲೆಕ್ಕ ನಿಮಗೆ ಹತ್ತಿರ ಅಂತ ಗೊತ್ತಾಗುತ್ತದೆ.

ಮೈಲೇಜನ್ನು ಅವರು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆದಿದ್ದರೆ ಒಳ್ಳೆಯದು. ಬಂಕ್‌ನಲ್ಲಿ ನಳಿಕೆ ತಾನಾಗಿ ನಿಲ್ಲುವ ತನಕ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ಹಾಗೇ ತುಂಬಿಸಬೇಕು. ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರುಗಳಿಂದ ಭಾಗಿಸಿದರೆ ಮೈಲೇಜ್. 5 ಲೀಟರ್ ಹಿಡಿದಾಗ ಒಂದು ಲೀಟರ್ ಹೆಚ್ಚುಕಮ್ಮಿಯಾದರೆ ಲೆಕ್ಕವೇ ಕೆಡುತ್ತದೆ, 30 ಲೀಟರಿನಲ್ಲಿ ಅದು ಅಷ್ಟು ಕಾಣಿಸದು. ಹಾಗಾಗಿ ಟ್ಯಾಂಕ್ ಚೆನ್ನಾಗಿ ಖಾಲಿಯಾದ ಮೇಲೆ ಅಳೆದದ್ದನ್ನೇ ನಂಬಿ.

ಇಷ್ಟು ಕಲೆಹಾಕಿದ ಮೇಲೂ ಬಹಳ ಮಂದಿ ಎಡವುವುದು ಸರಾಸರಿಯಲ್ಲಿ. ಸಿಟಿಯಲ್ಲಿ 10, ಹೆದ್ದಾರಿಯಲ್ಲಿ 20 ಸಿಗುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ 15 ಅಂದುಬಿಡುತ್ತಾರೆ. ನೀವು ತಿಂಗಳಿಗೆ 700 ಕಿ.ಮೀ. ಸಿಟಿಯಲ್ಲಿ, 300 ಹೆದ್ದಾರಿಯಲ್ಲಿ ಓಡಿಸುವವರಾದರೆ, ಸಿಟಿಗೆ 70 ಲೀಟರ್, ಹೆದ್ದಾರಿಗೆ 15, ಒಟ್ಟು 85 ಲೀಟರ್ ಬೇಕು. 1000 ಕಿ.ಮೀ.ಗೆ 85 ಲೀಟರ್ ಅಂದರೆ ಮೈಲೇಜ್ 12ಕ್ಕಿಂತ ಸ್ವಲ್ಪ ಕಮ್ಮಿ. 15 ಅಂತ ನಂಬಿದ್ದರೆ 67 ಲೀಟರ್ ಸಾಕು ಅಂದುಕೊಂಡಿರುತ್ತಿದ್ದಿರಿ. ಯಾವಾಗಲೂ ಮೊದಲು ಲೀಟರ್ ಕೂಡಿಸಿ, ಆಮೇಲೆ ಭಾಗಿಸಿ.

ಟೆಸ್ಟ್ ಡ್ರೈವ್‌ನಲ್ಲಿ ಪರದೆ ತೋರಿಸುವ ಅಂಕಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಅದು ಚೆನ್ನಾಗೇ ಕಾಣುತ್ತದೆ. ನಿಮ್ಮ ದಿನದ ಓಡಾಟ ಮೂರ್ನಾಲ್ಕು ಕಿ.ಮೀ. ಅಷ್ಟೇ ಆಗಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ. ಆಗ ಮಾಲೀಕರು ಹೇಳಿದ ಸಿಟಿ ಮೈಲೇಜಿಗಿಂತಲೂ ಒಂದಿಷ್ಟು ಕಮ್ಮಿ ಹಿಡಿದುಕೊಳ್ಳಿ.